ಕ್ಲೌಡ್ ಗೇಮ್ ಎಳೀತಿದ್ರೆ ಪ್ಲಾನ್ ಬದಲಾಯಿಸೋ ಮುಂಚೆ ಕ್ಯೂ ನೋಡಿ

ಕ್ಲೌಡ್ ಗೇಮಿಂಗಲ್ಲಿ ಆಟ ಓಡೋದು ದೂರದ ಸರ್ವರಲ್ಲಿ, ನಮ್ಮನೆಗೆ ಬರೋದು ಬರೀ ವಿಡಿಯೋ, ನಾವು ಒತ್ತಿದ ಬಟನ್ ಅಲ್ಲಿಗೆ ಹೋಗುತ್ತೆ ಅಷ್ಟೆ. ಯೂಟ್ಯೂಬ್ ಆದ್ರೆ ಮುಂದಿನ ಹತ್ತಾರು ಸೆಕೆಂಡ್ ವಿಡಿಯೋನ ಮೊದ್ಲೇ ಎಳೆದಿಟ್ಕೊಳ್ಳುತ್ತೆ, ನಡುವೆ ನೆಟ್ ಕುಂಟಿದ್ರೂ ನಮಗೆ ಗೊತ್ತಾಗಲ್ಲ. ಆಟದಲ್ಲಿ ಮುಂದಿನ ಫ್ರೇಮ್ ಏನು ಅನ್ನೋದು ನೀವು ಈಗ ಏನು ಒತ್ತುತ್ತೀರೋ ಅದರ ಮೇಲೆ ನಿಂತಿರೋದ್ರಿಂದ ಹಾಗೆ ಕೂಡಿಡೋಕೆ ಆಗಲ್ಲ. 60 ಎಫ್‌ಪಿಎಸ್ ಅಂದ್ರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಬಂದು ಬೀಳ್ಲೇಬೇಕು.

ರಾಜಾಜಿನಗರದಲ್ಲಿ ನಮ್ಮಕ್ಕನ ಮನೇಲಿ 20 ಎಂಬಿಪಿಎಸ್ ಕನೆಕ್ಷನ್, ಅಪ್‌ಲೋಡ್ 5. ಸ್ಪೀಡ್ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿ, ಆದ್ರೆ ಅವಳ ಮಗ ರೇಸಿಂಗ್ ಆಡ್ತಿರೋವಾಗ ಇದ್ದಕ್ಕಿದ್ದ ಹಾಗೆ ಕಾರು ಗೋಡೆಗೆ ಗುದ್ದುತ್ತೆ, ಸ್ಟೀರಿಂಗ್ ತಿರುಗಿಸಿದ್ದು ಅರ್ಧ ಸೆಕೆಂಡ್ ಆದ್ಮೇಲೆ ಕಾಣುತ್ತೆ. 'ಮಾಮ, ಪ್ಲಾನ್ ದೊಡ್ಡದು ಹಾಕ್ಸು ಅಂತ ಅಮ್ಮಂಗೆ ಹೇಳು' ಅಂದ. ತಡಿಯೋ, ಮೊದ್ಲು ನೋಡಣ ಅಂತ ಲ್ಯಾಪ್‌ಟಾಪಲ್ಲಿ ವಿಂಡೋಸಿನ ಎರಡು ಕಮಾಂಡ್ ಪ್ರಾಂಪ್ಟ್ ತೆಗೆದು ಒಂದೊಂದರಲ್ಲಿ ಒಂದೊಂದು ಓಡಿಸಿದ್ವಿ:

```
ping -t 192.168.1.1
ping -t 1.1.1.1
```

ಒಂದು ಚಿಕ್ಕ ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಆಗುತ್ತೆ ಅಂತ ಪಿಂಗ್ ತೋರಿಸುತ್ತೆ. ಮೊದಲನೇದು ಮನೆ ರೂಟರಿಗೆ (ನಿಮ್ಮನೇಲಿ ನಂಬರ್ ಬೇರೆ ಇರಬಹುದು), ಎರಡನೇದು ಹೊರಗಿನ ಲೋಕಕ್ಕೆ. ಮೊದಲನೇದೇ 3 ಮಿಲಿಸೆಕೆಂಡಿಂದ 80, 100 ಅಂತ ಕುಣೀತಿದ್ರೆ ತಪ್ಪು ವೈಫೈದು. ಅಪಾರ್ಟ್‌ಮೆಂಟಲ್ಲಿ 2.4 ಗಿಗಾಹರ್ಟ್ಸ್ ಇಟ್ಕೊಂಡ್ರೆ ಹಂಗೇ ಆಗೋದು, ಒಂದರ ಮೇಲೊಂದು ಬೀಳದೆ ಇರೋ ಚಾನೆಲ್ 1, 6, 11 ಅಂತ ಮೂರೇ, ಸುತ್ತ ಇರೋ ಮನೆಗಳೆಲ್ಲಾ ಅದರಲ್ಲೇ ಇರ್ತವೆ. 5 ಗಿಗಾಹರ್ಟ್ಸಿಗೆ ಹೋಗಿ, ಆಗೋದಾದ್ರೆ ಕೇಬಲ್ಲೇ ಎಳೀರಿ.

ಇಲ್ಲಿ ಮೊದಲನೇದು ಆರಾಮಾಗಿತ್ತು. ಎರಡನೇದು ಸುಮ್ನಿದ್ದಾಗ 12, ಅಕ್ಕನ ಫೋನಿಂದ ಫೋಟೋ ಬ್ಯಾಕಪ್ ಶುರುವಾದ ತಕ್ಷಣ 400 ದಾಟ್ತು! ಸ್ಪೀಡ್ ಕಮ್ಮಿ ಆಗಿ ಹಿಂಗಾಗಿದ್ದಲ್ಲ, ಕ್ಯೂ ಉದ್ದ ಆಗಿದ್ದು. ರೂಟರು ಬಂದ ಪ್ಯಾಕೆಟ್ ಬಿಸಾಕೋಕೆ ಮನಸ್ಸಿಲ್ದೆ ಎಲ್ಲಾ ಮೆಮೊರೀಲಿ ಸಾಲಾಗಿ ನಿಲ್ಲಿಸ್ಕೊಳ್ಳುತ್ತೆ. 250 ಕಿಲೋಬೈಟ್ ನಿಂತಿದೆ ಅನ್ಕೊಳ್ಳಿ, ಅಂದ್ರೆ 20 ಲಕ್ಷ ಬಿಟ್, 5 ಎಂಬಿಪಿಎಸ್ ಲೈನಲ್ಲಿ ಅದು ಖಾಲಿ ಆಗೋಕೆ 0.4 ಸೆಕೆಂಡ್ ಬೇಕು, ಅಷ್ಟರಲ್ಲಿ 24 ಫ್ರೇಮ್ ಹೋಗಿರುತ್ತೆ. ಹುಡುಗನ ಬಟನ್ ಪ್ಯಾಕೆಟ್ ಚಿಕ್ಕದೇ, ಆದ್ರೆ ದರ್ಶಿನೀಲಿ ಒಂದು ಕಾಫಿ ಬೇಕಾದವನು ಆಫೀಸಿಗೆಲ್ಲಾ ನಲವತ್ತು ಪ್ಲೇಟ್ ಇಡ್ಲಿ ಪಾರ್ಸೆಲ್ ಕಟ್ಟಿಸೋನ ಹಿಂದೆ ಸಿಕ್ಕಾಕೊಂಡ ಹಾಗೆ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ, ಇಲ್ಲಿ ಪ್ಲಾನ್ ದೊಡ್ಡದು ಮಾಡಿದ್ರೂ ಬ್ಯಾಕಪ್ಪು ಅದನ್ನೂ ತುಂಬಿಸಿ ಕೂರುತ್ತೆ, ಕ್ಯೂ ಬೇಗ ಕರಗಬಹುದು, ಹೋಗಲ್ಲ.

ಇದಕ್ಕೆ ಮದ್ದು ರೂಟರಲ್ಲಿ ಎಸ್‌ಕ್ಯೂಎಂ ಅನ್ನೋ ಸೆಟ್ಟಿಂಗ್. ಕಂಪನಿ ಕೊಟ್ಟ ಡಬ್ಬಾದಲ್ಲಿ ಸಾಮಾನ್ಯವಾಗಿ ಇರಲ್ಲ, ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಓಡೋ ರೂಟರ್ ಒಂದನ್ನ ಅದರ ಹಿಂದೆ ಹಾಕ್ಬೇಕು. ಅದರಲ್ಲಿ ಕೇಕ್ ಅನ್ನೋ ವಿಧಾನ ಆರಿಸಿ, ಡೌನ್‌ಲೋಡ್ 17000, ಅಪ್‌ಲೋಡ್ 4200 ಕಿಲೋಬಿಟ್ ಅಂತ ಹಾಕಿದ್ವಿ, ಅಂದ್ರೆ ಇರೋ ಸ್ಪೀಡಿನ ಸುಮಾರು 85 ಪರ್ಸೆಂಟ್. ಬೇಕಂತಲೇ ಕಮ್ಮಿ ಹಾಕೋದು ಯಾಕಂದ್ರೆ ಆಗ ಕ್ಯೂ ಹೊರಗಿನ ಡಬ್ಬಾದಲ್ಲಿ ಬೆಳೆಯದೆ ನಮ್ಮ ಕೈಲಿರೋ ರೂಟರಲ್ಲೇ ನಿಲ್ಲುತ್ತೆ, ಅದು ಒಬ್ಬೊಬ್ಬರಿಗೂ ಸರದಿ ಮೇಲೆ ಬಿಡುತ್ತೆ. ಬ್ಯಾಕಪ್ ನಡೀತಿರುವಾಗ್ಲೇ ಪಿಂಗ್ 20ರ ಆಸುಪಾಸಿಗೆ ಬಂತು. ರೂಟರಿಗೆ ದುಡ್ಡು ಹಾಕೋಕಾಗಲ್ಲ ಅಂದ್ರೆ ಬ್ಯಾಕಪ್ಪನ್ನ ರಾತ್ರಿಗೆ ತಳ್ಳಿ, ಅರ್ಧ ಕಾಯಿಲೆ ಅಲ್ಲೇ ವಾಸಿ.

ಇನ್ನು ಚಿತ್ರ ಚೌಕಚೌಕ ಆಗೋದು. 1080ಪಿ, 60 ಫ್ರೇಮ್ ಅಂದ್ರೆ ಸೆಕೆಂಡಿಗೆ 12.4 ಕೋಟಿ ಪಿಕ್ಸೆಲ್, ಸ್ಟ್ರೀಮ್ 10 ಎಂಬಿಪಿಎಸ್ ಇದ್ರೆ ಒಂದು ಪಿಕ್ಸೆಲಿಗೆ 0.08 ಬಿಟ್ ಸಿಗೋದು. 720ಪಿಗೆ ಇಳಿಸಿದ್ರೆ 5.5 ಕೋಟಿ ಪಿಕ್ಸೆಲ್, ಅದೇ ಬಿಟ್‌ರೇಟಲ್ಲಿ 0.18. ನಿಂತಿರೋವಾಗ 1080 ಚೆಂದವೇ, ಹಿಂದಿನ ಫ್ರೇಮಿಗೂ ಇದಕ್ಕೂ ವ್ಯತ್ಯಾಸ ಇಲ್ವಲ್ಲ. ಆದ್ರೆ ಕಾರು ಓಡ್ತಾ ಇದ್ರೆ ರಸ್ತೆ ಪಕ್ಕದ ಹುಲ್ಲು, ಮಳೆ ಹನಿ ಎಲ್ಲಾ ಪ್ರತಿ ಫ್ರೇಮಲ್ಲೂ ಹೊಸದು, ಬಿಟ್ ಸಾಲಲ್ಲ, ಹುಲ್ಲು ಹಸಿರು ಗಂಜಿ ಆಗುತ್ತೆ. ಅಲ್ಲಿ 720ಪಿ ಸ್ವಲ್ಪ ಮಬ್ಬಾದ್ರೂ ಒಡೆಯಲ್ಲ, ನನಗಂತೂ ಅದೇ ವಾಸಿ. ರೆಸಲ್ಯೂಷನ್ ಬಿಟ್ಟು 30 ಫ್ರೇಮಿಗೆ ಇಳಿಸ್ಬೇಡಿ, ಪಿಕ್ಸೆಲ್ ಉಳಿಯುತ್ತೆ ನಿಜ, ಆದ್ರೆ ಫ್ರೇಮ್ ಫ್ರೇಮಿನ ನಡುವೆ 33 ಮಿಲಿಸೆಕೆಂಡ್ ಆಗಿ ಕೈ ಭಾರ ಅನ್ಸುತ್ತೆ. ಆಟದೊಳಗೆ ಫಿಲ್ಮ್ ಗ್ರೇನ್ ಇದ್ರೆ ತೆಗೀರಿ, ಆ ಮರಳು ಮರಳು ಚುಕ್ಕಿಗೇ ಬಿಟ್ ಎಲ್ಲಾ ಸೋರಿ ಹೋಗುತ್ತೆ. ಬಿಟ್‌ರೇಟನ್ನ ಆಟೋದಲ್ಲಿ ಬಿಡದೆ 10ಕ್ಕೆ ಕಟ್ಟಿಹಾಕಿ, ಮನೆಯವರ ಸೀರಿಯಲ್ಲಿಗೂ ಜಾಗ ಉಳೀಲಿ.

ದೂರ ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗಲ್ಲ. ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗೋದು, ಸರ್ವರ್ ಮುಂಬೈ ಕಡೆ 1000 ಕಿಲೋಮೀಟರ್ ದೂರ ಇದ್ರೆ ಹೋಗಿ ಬರೋಕೇ 10 ಮಿಲಿಸೆಕೆಂಡ್. ಸಿಂಗಾಪುರ ಅಂದ್ರೆ ಇನ್ನೂ ಜಾಸ್ತಿ. ಮನೇಲಿ ಬೇರೆ ಯಾರೂ ನೆಟ್ ಮುಟ್ಟದೆ ಇರುವಾಗ್ಲೂ ಆ ಗೇಮ್ ಸರ್ವರಿಗೆ ಪಿಂಗ್ 80 ದಾಟ್ತಿದ್ರೆ ಶೂಟಿಂಗ್ ಆಟ ಬಿಟ್ಟು ಚೆಸ್ ತರ ಸರದಿ ಮೇಲೆ ಆಡೋದನ್ನ ನೋಡ್ಕೊಳ್ಳಿ.