ಲಾಭ ಶೇ 30 ಏರಿತು, ವ್ಯಾಪಾರ ಎಷ್ಟು ಏರಿತು?

2024ರ ಏಪ್ರಿಲ್ 18ರಂದು ಇನ್ಫೊಸಿಸ್ ತನ್ನ ಜನವರಿ–ಮಾರ್ಚ್ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತು. ನಿವ್ವಳ ಲಾಭ 7,969 ಕೋಟಿ ರೂಪಾಯಿ. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ 6,128 ಕೋಟಿ ಇತ್ತು. ಅಂದರೆ ಶೇ 30ರಷ್ಟು ಏರಿಕೆ. ಹೆಚ್ಚಿನ ಕಡೆ ತಲೆಬರಹಕ್ಕೆ ಹೋಗಿದ್ದು ಇದೇ ಅಂಕಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಗನೋ ಸೊಸೆಯೋ ಕೆಲಸ ಮಾಡುವ ಮನೆಗಳಲ್ಲಿ ಇಂಥ ಸುದ್ದಿ ಓದಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಹಾಗಾದ್ರೆ ಈ ಸಲ ಹೈಕ್ ಜೋರಾಗಿರುತ್ತೆ, ಅಲ್ವಾ?’

ಆದರೆ ಅದೇ ಫಲಿತಾಂಶದಲ್ಲಿ ಇನ್ನೊಂದು ಅಂಕಿ ಇತ್ತು. ಕಂಪನಿಯ ವರಮಾನ, ಅಂದರೆ ಗ್ರಾಹಕರಿಗೆ ಮಾಡಿಕೊಟ್ಟ ಕೆಲಸದಿಂದ ಬಂದ ದುಡ್ಡು, 37,441 ಕೋಟಿಯಿಂದ 37,923 ಕೋಟಿಗೆ ಏರಿತ್ತು. ಇದು ಬರೀ ಶೇ 1.3ರಷ್ಟು ಹೆಚ್ಚಳ. ಕೆಲಸ ಶೇ 1.3 ಜಾಸ್ತಿ, ಲಾಭ ಶೇ 30 ಜಾಸ್ತಿ. ಎರಡೂ ನಿಜ. ಹಾಗಿದ್ದರೆ ನಡುವಿನ ದುಡ್ಡು ಎಲ್ಲಿಂದ ಬಂತು? ಫಲಿತಾಂಶದ ಹಾಳೆಯನ್ನು ಓದುವುದೆಂದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು.

ಹಾಳೆ ಅಂದೆ, ನಿಜಕ್ಕೂ ಅದು ಒಂದೆರಡು ಪುಟದ ಪಟ್ಟಿ ಅಷ್ಟೇ. ಷೇರುಪೇಟೆಯಲ್ಲಿರುವ ಬಹುತೇಕ ಎಲ್ಲ ಕಂಪನಿಗಳೂ ತ್ರೈಮಾಸಿಕ ಮುಗಿದ 45 ದಿನದೊಳಗೆ ಇದನ್ನು ಷೇರು ವಿನಿಮಯ ಕೇಂದ್ರಗಳಿಗೆ ಕೊಡಬೇಕು ಎಂಬುದು ಸೆಬಿ ನಿಯಮ. ಮಾರ್ಚ್‌ಗೆ ಮುಗಿಯುವ ವರ್ಷದ ಲೆಕ್ಕಕ್ಕೆ 60 ದಿನ ಇದೆ. ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಯಾರು ಬೇಕಾದರೂ ಅದನ್ನು ತೆಗೆದು ನೋಡಬಹುದು. ಎಡಕ್ಕೆ ಬಾಬುಗಳ ಹೆಸರು, ಬಲಕ್ಕೆ ಅಂಕಣಗಳು: ಈ ತ್ರೈಮಾಸಿಕ, ಅದರ ಹಿಂದಿನ ತ್ರೈಮಾಸಿಕ, ಹೋದ ವರ್ಷದ ಇದೇ ತ್ರೈಮಾಸಿಕ, ಆಮೇಲೆ ಇಡೀ ವರ್ಷದ ಲೆಕ್ಕ. ಹೆಚ್ಚಿನ ಕಂಪನಿಗಳು ಎರಡು ಪಟ್ಟಿ ಕೊಡುತ್ತವೆ. ಒಂದು ಕಂಪನಿಯದ್ದು ಮಾತ್ರ, ಇನ್ನೊಂದು ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಪಟ್ಟಿ. ಸುದ್ದಿ ಬರೆಯುವವರು ಓದುಗರಿಗೆ ಹೇಳಬೇಕಾದ್ದು ಕ್ರೋಡೀಕೃತ ಲೆಕ್ಕ. ವರಮಾನ ಒಂದು ಪಟ್ಟಿಯಿಂದ, ಲಾಭ ಇನ್ನೊಂದರಿಂದ ತೆಗೆದು ಬರೆದರೆ ಇಡೀ ಸುದ್ದಿ ಕೆಟ್ಟಂತೆ. ಅವಸರದಲ್ಲಿ ಇದು ಆಗುತ್ತಿರುತ್ತದೆ.

ಕ್ರೋಡೀಕೃತ ಪಟ್ಟಿಯಲ್ಲೂ ಲಾಭದ ಸಾಲು ಎರಡಿರುತ್ತದೆ. ಇನ್ಫೊಸಿಸ್‌ನ ಆ ಹಾಳೆಯಲ್ಲಿ ಒಟ್ಟು ಲಾಭ 7,975 ಕೋಟಿ ಎಂದಿತ್ತು, ಕೆಳಗೆ 7,969 ಕೋಟಿ. ನಡುವಿನ 6 ಕೋಟಿ ಅಂಗಸಂಸ್ಥೆಗಳಲ್ಲಿ ಪಾಲು ಇರುವ ಹೊರಗಿನವರಿಗೆ ಸೇರಿದ್ದು. ಇನ್ಫೊಸಿಸ್ ಷೇರುದಾರರ ಪಾಲು ಎರಡನೆಯ ಅಂಕಿ. ಸುದ್ದಿಯಲ್ಲಿ ಬರುವುದೂ ಅದೇ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಲಾಭವನ್ನು ವರಮಾನದಿಂದ ಭಾಗಿಸಿ ನೋಡಬೇಕು. ಹಿಂದಿನ ವರ್ಷ ಇನ್ಫೊಸಿಸ್‌ಗೆ ಬಂದ ಪ್ರತಿ 100 ರೂಪಾಯಿಯಲ್ಲಿ ಲಾಭವಾಗಿ ಉಳಿದಿದ್ದು 16 ರೂಪಾಯಿ 40 ಪೈಸೆ. ಈ ವರ್ಷ 21 ರೂಪಾಯಿ. ಇಲ್ಲೇ ಅನುಮಾನ ಬರಬೇಕು. ಸಾಫ್ಟ್‌ವೇರ್ ಸೇವಾ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ವರಮಾನದ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತದೆ. ಸಂಬಳ ಒಂದೇ ವರ್ಷದಲ್ಲಿ ಹಾಗೆಲ್ಲ ಕರಗುವುದಿಲ್ಲ. ಕೆಲಸ ಹೆಚ್ಚುಕಮ್ಮಿ ಅಷ್ಟೇ ಇದ್ದಾಗ ನೂರಕ್ಕೆ ನಾಲ್ಕೂವರೆ ರೂಪಾಯಿ ಹೆಚ್ಚು ಉಳಿಯಿತು ಅಂದರೆ, ಅದು ಕೆಲಸದಿಂದ ಬಂದದ್ದಲ್ಲ ಎಂದು ಶಂಕಿಸಿ ಮುಂದೆ ಹೋಗುವುದು ಒಳ್ಳೆಯದು.

ವರಮಾನ ಅಲ್ಲೇ ಇದ್ದು ಲಾಭ ಏರಬೇಕಾದರೆ ಮೂರೇ ದಾರಿ. ಖರ್ಚು ಇಳಿದಿರಬೇಕು, ಬೇರೆ ಮೂಲದಿಂದ ದುಡ್ಡು ಬಂದಿರಬೇಕು, ಇಲ್ಲವೇ ತೆರಿಗೆ ಕಡಿಮೆಯಾಗಿರಬೇಕು. ಒಂದೊಂದಾಗಿ ನೋಡೋಣ.

ಒಟ್ಟು ಖರ್ಚು ಹಿಂದಿನ ವರ್ಷ 29,646 ಕೋಟಿ, ಈ ವರ್ಷ 30,412 ಕೋಟಿ. ಅಂದರೆ ಖರ್ಚು 766 ಕೋಟಿ ಜಾಸ್ತಿಯಾಗಿದೆ. ವರಮಾನ ಏರಿದ್ದು 482 ಕೋಟಿ ಮಾತ್ರ. ಹಾಗಾಗಿ ಮೊದಲ ದಾರಿ ಮುಚ್ಚಿತು. ಖರ್ಚು ವರಮಾನಕ್ಕಿಂತ ಬೇಗ ಬೆಳೆದಿದೆ. ಲಾಭ ಇಳಿಯಬೇಕಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಎರಡು ಸಾಲುಗಳಿಂದಲೇ ನಾವು ಕಾರ್ಯಾಚರಣೆ ಲಾಭವನ್ನು ಲೆಕ್ಕ ಹಾಕಿಕೊಳ್ಳಬಹುದು. ಸೆಬಿ ನಮೂನೆಯಲ್ಲಿ ಅದಕ್ಕೆ ಬೇರೆ ಸಾಲು ಇಲ್ಲ, ನಾವೇ ಕಳೆಯಬೇಕು. ವರಮಾನದಿಂದ ಒಟ್ಟು ಖರ್ಚು ಕಳೆದು, ಆ ಖರ್ಚಿನಲ್ಲಿ ಸೇರಿದ ಬಡ್ಡಿ ವೆಚ್ಚವನ್ನು ವಾಪಸ್ ಕೂಡಿಸಿದರೆ ಆಯಿತು. ಹಾಗೆ ಮಾಡಿದರೆ ಹಿಂದಿನ ವರ್ಷ 7,877 ಕೋಟಿ, ಈ ವರ್ಷ 7,621 ಕೋಟಿ. ಕಂಪನಿ ತನ್ನ ನಿಜವಾದ ಕಸುಬಿನಿಂದ ಗಳಿಸಿದ್ದು ಶೇ 3ಕ್ಕಿಂತ ಸ್ವಲ್ಪ ಜಾಸ್ತಿ ಇಳಿದಿದೆ! ತಲೆಬರಹದಲ್ಲಿ ಶೇ 30 ಏರಿಕೆ, ಕಸುಬಿನ ಲೆಕ್ಕದಲ್ಲಿ ಶೇ 3 ಇಳಿಕೆ.

ಎರಡನೆಯ ದಾರಿ ‘ಇತರೆ ಆದಾಯ’ ಎಂಬ ಸಾಲು. ಪಟ್ಟಿಯಲ್ಲಿ ವರಮಾನದ ಕೆಳಗೇ ಇರುತ್ತದೆ. ಸುಮ್ನೆ ಕಣ್ಣು ಹಾಯಿಸಿ ಮುಂದೆ ಹೋಗುವ ಸಾಲು ಇದು. ಠೇವಣಿಗಳ ಬಡ್ಡಿ, ಹೂಡಿಕೆಯ ಗಳಿಕೆ, ವಿದೇಶಿ ವಿನಿಮಯದ ಲಾಭ-ನಷ್ಟ ಎಲ್ಲ ಇಲ್ಲಿಗೆ ಬರುತ್ತದೆ. ಹಿಂದಿನ ವರ್ಷ ಇಲ್ಲಿ 671 ಕೋಟಿ ಇತ್ತು. ಈ ವರ್ಷ 2,729 ಕೋಟಿ. ಎರಡು ಸಾವಿರ ಕೋಟಿಗೂ ಹೆಚ್ಚು ವ್ಯತ್ಯಾಸ ಇಲ್ಲೇ ಸಿಕ್ಕಿತು.

ಮೂರನೆಯದು ತೆರಿಗೆ. ತೆರಿಗೆಗೆ ಮುಂಚಿನ ಲಾಭ 8,466 ಕೋಟಿಯಿಂದ 10,240 ಕೋಟಿಗೆ ಏರಿದೆ. ತೆರಿಗೆ ಮಾತ್ರ 2,332 ಕೋಟಿಯಿಂದ 2,265 ಕೋಟಿಗೆ ಇಳಿದಿದೆ. ಲಾಭ ಜಾಸ್ತಿಯಾದರೆ ತೆರಿಗೆಯೂ ಜಾಸ್ತಿಯಾಗಬೇಕು. ಎರಡೂ ಎದುರು ಬದುರು ನಡೆದರೆ ಅದಕ್ಕೆ ಕಾರಣ ಬೇರೆ ಎಲ್ಲೋ ಬರೆದಿರುತ್ತದೆ.

ಬರೆದಿರುವುದು ಟಿಪ್ಪಣಿಗಳಲ್ಲಿ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಭಾಗ ಅದು. ನನ್ನ ಮಟ್ಟಿಗೆ ಇಡೀ ಫಲಿತಾಂಶದಲ್ಲಿ ತುಂಬಾ ನಿಧಾನವಾಗಿ ಓದಬೇಕಾದ್ದು ಇದನ್ನೇ. ಇನ್ಫೊಸಿಸ್ ಅಲ್ಲಿ ಏನನ್ನೂ ಮುಚ್ಚಿಟ್ಟಿರಲಿಲ್ಲ. 2007–08ರಿಂದ ಹಿಡಿದು ಹಲವು ವರ್ಷಗಳ ಹಳೆಯ ತೆರಿಗೆ ತಕರಾರುಗಳಲ್ಲಿ ಕಂಪನಿಯ ಪರ ಆದೇಶ ಬಂದಿತ್ತು. ಅದರಿಂದ 1,933 ಕೋಟಿ ಬಡ್ಡಿ ಆದಾಯ ಲೆಕ್ಕಕ್ಕೆ ಬಂತು. ಜೊತೆಗೆ, ಕಟ್ಟಬೇಕಾಗಬಹುದು ಎಂದು ತೆಗೆದಿಟ್ಟಿದ್ದ 525 ಕೋಟಿ ತೆರಿಗೆಯನ್ನು ವಾಪಸ್ ಲಾಭಕ್ಕೆ ಸೇರಿಸಲಾಯಿತು.

ಬಸವನಗುಡಿಯಲ್ಲಿ ದರ್ಶಿನಿ ನಡೆಸುವವರಿಗೆ ಹಳೆಯ ಕೇಸೊಂದು ಗೆದ್ದು ಬಡ್ಡಿ ಸಮೇತ ಹಣ ಬಂತು ಅಂದುಕೊಳ್ಳಿ. ಆ ತಿಂಗಳ ಗಳಿಕೆ ಜೋರಾಗಿರುತ್ತದೆ, ದುಡ್ಡೂ ಅವರದ್ದೇ. ಆದರೆ ಒಂದು ಪ್ಲೇಟ್ ಇಡ್ಲಿಯೂ ಹೆಚ್ಚಿಗೆ ಮಾರಿಲ್ಲ.

ಈ ಎರಡು ಬಾಬುಗಳನ್ನು ತೆಗೆದರೆ ಏನುಳಿಯುತ್ತದೆ? ಬಡ್ಡಿಗೂ ತೆರಿಗೆ ಇದೆ, ಸುಮಾರು ಶೇ 25 ಎಂದು ಹಿಡಿಯೋಣ. ಆಗ 1,933 ಕೋಟಿಯಲ್ಲಿ ಕೈಗೆ ಉಳಿಯುವುದು ಸುಮಾರು 1,450 ಕೋಟಿ. ಅದಕ್ಕೆ 525 ಸೇರಿಸಿ 7,969ರಿಂದ ಕಳೆದರೆ ಉಳಿಯುವುದು 6,000 ಕೋಟಿಯ ಆಸುಪಾಸು. ಹಿಂದಿನ ವರ್ಷ ಇದ್ದದ್ದು 6,128 ಕೋಟಿ. ಇದು ಅಂದಾಜು ಲೆಕ್ಕ, ಸುದ್ದಿಯಲ್ಲಿ ಬರೆಯುವಾಗ ಅಂದಾಜು ಎಂದೇ ಬರೆಯಬೇಕು. ಆದರೂ ಶೇ 30ರ ಏರಿಕೆ ಇಡಿಯಾಗಿ ಎಲ್ಲಿಂದ ಬಂತು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಇನ್ನು ಆ ಶೇ 1.3 ವರಮಾನ ಏರಿಕೆ. ಇದರಲ್ಲೂ ಒಂದು ಮಾತಿದೆ. ಇನ್ಫೊಸಿಸ್ ಬಿಲ್ ಮಾಡುವುದು ಹೆಚ್ಚಾಗಿ ಡಾಲರ್, ಯುರೊ, ಪೌಂಡ್‌ಗಳಲ್ಲಿ. ರೂಪಾಯಿ ಬೆಲೆ ಇಳಿದರೆ ಅಷ್ಟೇ ಕೆಲಸಕ್ಕೆ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೇ ಐಟಿ ಕಂಪನಿಗಳು ವಿನಿಮಯ ದರ ಬದಲಾಗಿಲ್ಲ ಎಂದುಕೊಂಡು ಇನ್ನೊಂದು ಲೆಕ್ಕ ಕೊಡುತ್ತವೆ, ಅದಕ್ಕೆ ಸ್ಥಿರ ಕರೆನ್ಸಿ ಲೆಕ್ಕ ಅನ್ನುತ್ತಾರೆ. ಆ ಲೆಕ್ಕದಲ್ಲಿ ವರ್ಷದಿಂದ ವರ್ಷಕ್ಕೆ ವರಮಾನ ಏರಲೂ ಇಲ್ಲ, ಇಳಿಯಲೂ ಇಲ್ಲ. ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಶೇ 2.2ರಷ್ಟು ಇಳಿದಿತ್ತು. ಹೈಕ್ ಬಗ್ಗೆ ಕೇಳಿದ ಮನೆಯವರಿಗೆ ಬೇಕಾದ ಮಾಹಿತಿ ಇದು.

ಹಾಗಂತ ಎಲ್ಲ ಕಂಪನಿಗೂ ಇದೇ ಅಳತೆ ಹಿಡಿಯಬಾರದು. ನಮ್ಮ ಜೆ.ಸಿ. ರಸ್ತೆಯ ಕೆನರಾ ಬ್ಯಾಂಕ್ ಫಲಿತಾಂಶ ತೆಗೆದರೆ ಅಲ್ಲೂ ‘ಇತರೆ ಆದಾಯ’ ಇರುತ್ತದೆ. ಆದರೆ ಶುಲ್ಕ, ಕಮಿಷನ್‌ಗಳೆಲ್ಲ ಅದರಲ್ಲೇ ಬರುತ್ತವೆ, ಬ್ಯಾಂಕಿಗೆ ಅದು ದಿನನಿತ್ಯದ ಕಸುಬು. ಅದನ್ನು ತೆಗೆದುಹಾಕಿದರೆ ತಪ್ಪಾಗುತ್ತದೆ. ಇನ್ನೊಂದು ವಿಷಯ: ಲಾಭದ ಪಟ್ಟಿಯಲ್ಲಿ ಆದಾಯ ಬಂದಿದೆ ಅಂದರೆ ಆ ಮೂರು ತಿಂಗಳಲ್ಲೇ ನಗದು ಕೈಸೇರಿದೆ ಎಂದೇನೂ ಅಲ್ಲ. ಹಕ್ಕು ಖಚಿತವಾದಾಗ ಲೆಕ್ಕಕ್ಕೆ ಬರುತ್ತದೆ, ದುಡ್ಡು ಆಮೇಲೂ ಬರಬಹುದು.

ಒಮ್ಮೆ ಬಂದ ಇಂಥ ಬಾಬು ಅಲ್ಲಿಗೇ ಮುಗಿಯುವುದಿಲ್ಲ. ಹೋದ ವರ್ಷದ ಅಂಕಣದಲ್ಲಿ ಕೂತು ಮುಂದಿನ ವರ್ಷದ ಹೋಲಿಕೆಯನ್ನೂ ಕೆಡಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಇನ್ಫೊಸಿಸ್ ಜನವರಿ–ಮಾರ್ಚ್ ಲಾಭ 7,033 ಕೋಟಿ ಎಂದು ಹೇಳಿತು. 7,969ಕ್ಕೆ ಹೋಲಿಸಿದರೆ ಸುಮಾರು ಶೇ 12 ಇಳಿಕೆ. ಈ ಸಲ ತಲೆಬರಹಗಳಲ್ಲಿ ಲಾಭ ಕುಸಿತ. ಆದರೆ ವರಮಾನ 37,923 ಕೋಟಿಯಿಂದ 40,925 ಕೋಟಿಗೆ, ಅಂದರೆ ಶೇ 7.9ರಷ್ಟು ಏರಿತ್ತು. ಕಾರ್ಯಾಚರಣೆ ಲಾಭ 7,621 ಕೋಟಿಯಿಂದ 8,575 ಕೋಟಿಗೆ, ಶೇ 12ಕ್ಕೂ ಹೆಚ್ಚು ಏರಿತ್ತು. ಕಸುಬು ಸೊರಗಿದ ವರ್ಷ ಲಾಭ ಹಾರಿತು ಎಂದು ಓದಿದೆವು, ಕಸುಬು ಚೇತರಿಸಿಕೊಂಡ ವರ್ಷ ಲಾಭ ಬಿತ್ತು ಎಂದು ಓದಿದೆವು. ಎರಡಕ್ಕೂ ಮುಖ್ಯ ಕಾರಣ ಒಂದೇ ಟಿಪ್ಪಣಿ.

ಹಾಗಾದರೆ 2025ರ ಸುದ್ದಿಯನ್ನು ಹೇಗೆ ಬರೆಯಬಹುದಿತ್ತು? ನಾನಾದರೆ ಹೀಗೆ ಶುರು ಮಾಡುತ್ತಿದ್ದೆ: ‘ಇನ್ಫೊಸಿಸ್ ವರಮಾನ ಜನವರಿ–ಮಾರ್ಚ್ ಅವಧಿಯಲ್ಲಿ ಶೇ 7.9ರಷ್ಟು ಹೆಚ್ಚಿ 40,925 ಕೋಟಿ ರೂಪಾಯಿಗೆ ತಲುಪಿದೆ. ನಿವ್ವಳ ಲಾಭ ಶೇ 11.7ರಷ್ಟು ಇಳಿದು 7,033 ಕೋಟಿ ಆಗಿದೆ. ಹಿಂದಿನ ವರ್ಷದ ಇದೇ ಅವಧಿಯ ಲಾಭದಲ್ಲಿ ಹಳೆಯ ತೆರಿಗೆ ತಕರಾರು ಬಗೆಹರಿದು ಬಂದ 1,933 ಕೋಟಿ ಬಡ್ಡಿ ಸೇರಿತ್ತು.’ ಮೂರೇ ವಾಕ್ಯ. ಮೂರನೆಯದಕ್ಕೆ ಮಾತ್ರ ಒಂದು ವರ್ಷ ಹಿಂದಿನ ಕಡತ ತೆಗೆಯಬೇಕು, ಅದಕ್ಕೆ ಹತ್ತು ನಿಮಿಷ ಸಾಕು.