ಬೋರ್ಡಿನ ಫೋಟೊ ಇಲ್ಲವೇ? ಅದರ ಮೇಲಿರುವ ಅಕ್ಷರ ಓದಿ ಹೇಳಿ

ಹೋದ ಮಳೆಗಾಲದ ಒಂದು ಬೆಳಿಗ್ಗೆ ಕ್ಯಾತ್ಸಂದ್ರದಿಂದ ಒಬ್ಬ ಅಮ್ಮ ಫೋನ್ ಮಾಡಿದರು. "ಮೇನ್ ಸ್ವಿಚ್ ಹೋಗಿದೆ ಕಣಪ್ಪ, ಹೊಸದು ತಗೊಂಡು ಬಾ." ಅವರ ಮಗ ಹಿಂದೆ ಯಾವಾಗಲೋ ಬೋರ್ಡಿನ ಫೋಟೊ ಕಳಿಸಿದ್ದ. ನಾನು ಫೋನ್ ಬದಲಾಯಿಸಿದಾಗ ಅದು ಹೋಯಿತು. ಮಗ ಕೆಲಸಕ್ಕೆ ಹೋಗಿದ್ದ, ಅಮ್ಮನ ಹತ್ತಿರ ಇರುವುದು ಬಟನ್ ಫೋನ್.

ತುಮಕೂರಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನಗೆ ಬರುವ ಕರೆಗಳೆಲ್ಲ ಹೀಗೇ ಶುರುವಾಗುತ್ತವೆ. "ಮೇನ್ ಹೋಗಿದೆ", "ಫ್ಯೂಸ್ ಹೋಗಿದೆ", "ಟ್ರಿಪ್ಪರ್ ಬಿದ್ದಿದೆ". ದಯವಿಟ್ಟು ಏನು ಹೋಗಿದೆ ಅಂತ ನೀವು ತೀರ್ಮಾನ ಮಾಡಬೇಡಿ. ಕಣ್ಣಿಗೆ ಏನು ಕಾಣುತ್ತದೋ ಅದನ್ನು ಹೇಳಿ, ಸಾಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಎರಡು ಬೆರಳಗಲದ, ಒಂದೇ ಹಿಡಿಯ ಮೂರು ಬೇರೆ ಬೇರೆ ಸಾಮಾನುಗಳು ಬೋರ್ಡಿನಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಜನ ಮೂರನ್ನೂ ಮೇನ್ ಅನ್ನುತ್ತಾರೆ. ಒಂದು ಐಸೋಲೇಟರ್. ಅದು ಸುಮ್ನೆ ಆನ್-ಆಫ್ ಮಾಡುವುದಕ್ಕೆ, ತಾನಾಗಿ ಬೀಳುವುದಿಲ್ಲ. ಇನ್ನೊಂದು ಎಂಸಿಬಿ. ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಅದರ ಮೇಲೆ ಸಿ ಅಥವಾ ಬಿ ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲೇ 16, 32 ಅಂತ ಅಂಕಿ ಇರುತ್ತದೆ. ಮೂರನೆಯದು ಆರ್‌ಸಿಸಿಬಿ. ಇದಕ್ಕೆ ಹಿಡಿಯ ಜೊತೆ ಟಿ ಅಂತ ಬರೆದ ಪುಟ್ಟ ಬಟನ್ ಇರುತ್ತದೆ, ಮೈಮೇಲೆ 0.03 ಅಥವಾ 30 ಎಂಎ ಅಂತ ಇರುತ್ತದೆ. ಕರೆಂಟ್ ಸೋರಿ ಭೂಮಿಗೆ ಹೋಗುತ್ತಿದ್ದರೆ ಬೀಳುವುದು ಇದು. ಲೋಡ್ ಜಾಸ್ತಿಯಾಯಿತು ಅಂತ ಇದು ಬೀಳುವುದಿಲ್ಲ. ಹಾಗಾಗಿ ಆ ಒಂದು ಅಕ್ಷರ, ಒಂದು ಅಂಕಿ ಗೊತ್ತಾದರೆ ನಾನು ಯಾವ ಸಾಮಾನು ಹಿಡಿದು ಬರಬೇಕು ಅನ್ನುವುದೇ ಬದಲಾಗುತ್ತದೆ.

ಅಮ್ಮನಿಗೆ ಹೇಳಿದೆ: "ಒಣಗಿದ ನೆಲದ ಮೇಲೆ ನಿಂತು ಟಾರ್ಚ್ ಹಾಕಿ ನೋಡಿ. ಏನೂ ಮುಟ್ಟಬೇಡಿ. ಎಡಗಡೆಯಿಂದ ಒಂದೊಂದಾಗಿ ಓದಿ."

"ಮೊದಲನೇದು ದಪ್ಪ ಇದೆ. 40 ಅಂತಿದೆ, ಸೊನ್ನೆ ಚುಕ್ಕೆ ಸೊನ್ನೆ ಮೂರು ಅಂತಿದೆ. ಟಿ ಅಂತ ಒಂದು ಬಟನ್. ಇದರ ಹಿಡಿ ಕೆಳಗಿದೆ. ಉಳಿದ ನಾಲ್ಕು ಸಣ್ಣವು, ಎಲ್ಲ ಮೇಲಿವೆ."

"ಯಾವಾಗ ಬಿತ್ತು ಅಮ್ಮ?"

"ಗೀಸರ್ ಹಾಕಿ ಒಂದು ಹತ್ತು ನಿಮಿಷಕ್ಕೆ."

ಇದು ಬಂಗಾರದಂಥ ಉತ್ತರ. ಹಾಕಿದ ಕೂಡಲೇ ಬೀಳುವುದು ಬೇರೆ, ಬಿಸಿಯಾದ ಮೇಲೆ ಬೀಳುವುದು ಬೇರೆ. ಹೊಸ ಸ್ವಿಚ್ ಬದಲು, ಕರೆಂಟ್ ಸೋರುತ್ತಿದೆಯೇ ಅಂತ ಅಳೆದು ನೋಡುವ ಮೆಗ್ಗರ್ ತೆಗೆದುಕೊಂಡು ಹೋದೆ. ಸಪ್ಲೈ ಆಫ್ ಮಾಡಿ ಗೀಸರಿನ ಎಲಿಮೆಂಟನ್ನು 500 ವೋಲ್ಟಿನಲ್ಲಿ ಅಳೆದೆ. 1 ಮೆಗಾಓಮ್ ಕೂಡ ತೋರಿಸಲಿಲ್ಲ, ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು, ಅಂದರೆ ಕರೆಂಟ್ ಸೋರುತ್ತಿದ್ದದ್ದು ಇಲ್ಲೇ. ಬಿಚ್ಚಿದರೆ ಎಲಿಮೆಂಟಿನ ಮೇಲೆ ಸುಣ್ಣದ ಹಾಗೆ ಬಿಳಿ ಪದರ, ಒಂದು ಕಡೆ ಕೊಳವೆ ಸೀಳಿತ್ತು. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಇದು ಮಾಮೂಲು. ಸ್ವಿಚ್ಚಿಗೆ ಏನೂ ಆಗಿರಲಿಲ್ಲ. ಅದು ತನ್ನ ಕೆಲಸ ಮಾಡಿತ್ತು. ಅಮ್ಮ ಅದನ್ನು ತೆಗೆಸಿ ಬೇರೆ ಯಾವುದೋ ಮೇನ್ ಹಾಕಿಸಿದ್ದರೆ? ಬಚ್ಚಲಲ್ಲಿ ನೀರು ಮುಟ್ಟಿದವರ ಗತಿ ಏನು ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಫೋನಿನಲ್ಲಿ ಕೇಳಿದ್ದು ಅಂದಾಜಿಗೆ ಮಾತ್ರ, ಬಂದು ಅಳೆಯದೆ ಯಾವುದೂ ಖಚಿತವಲ್ಲ. ಅದಕ್ಕೇ ನಾನು "ಅದನ್ನು ಎತ್ತಿ, ಇದನ್ನು ಇಳಿಸಿ" ಅಂತ ಫೋನಿನಲ್ಲಿ ಹೇಳುವುದಿಲ್ಲ. ಬಿದ್ದ ಹಿಡಿಯನ್ನು ಪದೇಪದೇ ಎತ್ತಬೇಡಿ. ಪ್ಲಾಸ್ಟಿಕ್ ಬಾಗಿಲು ತೆರೆದು ನೋಡಬಹುದು, ಸ್ಕ್ರೂ ಹಾಕಿದ ಮುಚ್ಚಳ ಬಿಚ್ಚುವಂತಿಲ್ಲ. ಮೀಟರಿನ ಸೀಲ್ ಮುಟ್ಟುವಂತಿಲ್ಲ. ಸುಟ್ಟ ವಾಸನೆ, ಕಪ್ಪು ಕಲೆ, ಚರಚರ ಸದ್ದು, ಬೋರ್ಡಿನೊಳಗೆ ನೀರು, ಇದರಲ್ಲಿ ಒಂದಿದ್ದರೂ ಓದುವುದಕ್ಕೆ ಹತ್ತಿರ ಹೋಗಲೇಬೇಡಿ. ದೂರ ನಿಂತು ಅಷ್ಟನ್ನೇ ನನಗೆ ಹೇಳಿ. ಮೀಟರಿನಲ್ಲೋ ಅದಕ್ಕೆ ಬರುವ ವೈರಿನಲ್ಲೋ ತೊಂದರೆ ಕಂಡರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಆ ಭಾಗ ನಾನೂ ಮುಟ್ಟುವಂತಿಲ್ಲ.

ಮೂರು ಫೇಸ್ ಇರುವ ಮನೆಯಾದರೆ ಇನ್ನೊಂದು ಮಾತು. ಬೋರ್ಡಿನಲ್ಲಿ ಕೆಂಪು, ಹಳದಿ, ನೀಲಿ ದೀಪಗಳಿದ್ದರೆ ಯಾವುದು ಉರಿಯುತ್ತಿಲ್ಲ ಅಂತ ಹೇಳಿ.

ಆ ದಿನ ಸಂಜೆ ಮಗ ಬಂದ ಮೇಲೆ ಒಂದು ಚೀಟಿಯಲ್ಲಿ ಎಡದಿಂದ ಬಲಕ್ಕೆ ಎಲ್ಲ ಬರೆಸಿದೆ: 40, 0.03, ಟಿ ಬಟನ್. ಸಿ 16 ಗೀಸರ್. ಸಿ 16 ಅಡುಗೆಮನೆ. ಉಳಿದ ಎರಡು ದೀಪ, ಫ್ಯಾನ್. ಚೀಟಿಯನ್ನು ಅಮ್ಮ ಬೋರ್ಡಿನ ಪಕ್ಕದ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಾರೆ.