ರಿಟ್ಟೋ, ದಾವೆಯೋ: ಸರ್ಕಾರದ ವಿರುದ್ಧ ‘ಸ್ಟೇ’ ಸಾಗಿ ಬಂದ ದಾರಿ

“ರೋಡಿನವ್ರು ಹೊಲದಾಗ ಕಲ್ಲು ನೆಟ್ಟಾರ್ರಿ, ಸ್ಟೇ ತರಬೇಕು.” ಗದಗ, ಹಾವೇರಿ ಕಡೆಯ ವಕೀಲರ ಕಚೇರಿಗಳಲ್ಲಿ ಇದು ಹಳೇ ಮಾತು. ಉತ್ತರ ಮಾತ್ರ ದಿನದಿನಕ್ಕೆ ಗೋಜಲಾಗುತ್ತಿದೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ, ಅಧಿಕಾರಿಗಳಿಗೆ ನೇರವಾಗಿ ಆಜ್ಞೆ ಕೊಡಿ ಎಂದು ಕೇಳುವ ರಿಟ್ ಹಾಕಬೇಕಾ, ಇಲ್ಲೇ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕಾ? ಹೈಕೋರ್ಟಿಗೆ ಹೋದವರು ‘ಇದು ಸಾಕ್ಷಿ ನೋಡಿ ತೀರ್ಮಾನ ಆಗಬೇಕಾದ್ದು, ಸಿವಿಲ್ ಕೋರ್ಟಿಗೆ ಹೋಗಿ’ ಎನ್ನಿಸಿಕೊಂಡು ಬರುತ್ತಾರೆ. ಸಿವಿಲ್ ಕೋರ್ಟಿಗೆ ಬಂದರೆ ‘ನೋಟಿಸ್ ಎಲ್ಲಿ, ಮೇಲ್ಮನವಿ ಮುಗೀತಾ’ ಎಂಬ ಪ್ರಶ್ನೆ ಎದುರಾಗುತ್ತದೆ. ಈ ಅಲೆದಾಟ ಹುಟ್ಟಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯವರಿಗೆ ರಿಟ್ ಎಂಬುದೇ ಇರಲಿಲ್ಲ. ಈಗಿನ ಗದಗ, ಹಾವೇರಿ ಎರಡೂ 1997ರವರೆಗೆ ಇದೇ ಜಿಲ್ಲೆಯ ಭಾಗ. ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿತ್ತು ನಿಜ. ಆದರೆ ಆ ತರಹದ ಆಜ್ಞೆ ಕೊಡುವ ಬಾಂಬೆ ಹೈಕೋರ್ಟಿನ ಅಧಿಕಾರ ಬಾಂಬೆ ಶಹರದ ಎಲ್ಲೆ ದಾಟುತ್ತಿರಲಿಲ್ಲ. ಹಾಗಾಗಿ ಕಲೆಕ್ಟರರ ಹುಕುಂ ತಪ್ಪು ಅನ್ನಿಸಿದ ಇಲ್ಲಿನ ರೈತನಿಗಿದ್ದದ್ದು ದಾವೆಯೊಂದೇ. ‘ಈ ಜಮೀನು ನನ್ನದು’ ಎಂದು ಕೋರ್ಟಿನಿಂದ ಹೇಳಿಸುವ ಘೋಷಣೆ, ‘ಒಳಗೆ ಕಾಲಿಡಬೇಡಿ’ ಎಂದು ಹೇಳಿಸುವ ನಿರ್ಬಂಧಕಾಜ್ಞೆ. ಸರ್ಕಾರ ಪ್ರತಿವಾದಿಯಾದರೆ ಕೆಳಗಿನ ಸಬ್ ಜಡ್ಜ್ ಅದನ್ನು ಮುಟ್ಟುವಂತಿರಲಿಲ್ಲ. ಧಾರವಾಡದ ಜಿಲ್ಲಾ ನ್ಯಾಯಾಧೀಶರ ಎದುರೇ ಹೋಗಬೇಕಿತ್ತು.

ಆ ದಾರಿಗೂ ಬೇಲಿಗಳಿದ್ದವು. 1876ರ ಬಾಂಬೆ ಕಂದಾಯ ಕಾಯ್ದೆಯೊಂದು ಭೂಕಂದಾಯದ ಹಲವು ತಕರಾರುಗಳನ್ನು ಸಿವಿಲ್ ಕೋರ್ಟಿನಿಂದ ಹೊರಗಿಟ್ಟಿತು. ಉಳಿದ ತಕರಾರಿದ್ದವರು ಮೊದಲು ಕಂದಾಯ ಇಲಾಖೆಯೊಳಗಿನ ಮೇಲ್ಮನವಿಗಳನ್ನು ಮುಗಿಸಿ ಬರಬೇಕಿತ್ತು. ಮರುವರ್ಷವೇ ಬಂದ ನಿರ್ದಿಷ್ಟ ಪರಿಹಾರ ಕಾಯ್ದೆಯ 56ನೇ ಕಲಂ, ಸರ್ಕಾರದ ಇಲಾಖೆಗಳ ಸಾರ್ವಜನಿಕ ಕರ್ತವ್ಯಕ್ಕೆ ಅಡ್ಡ ಬರುವ ನಿರ್ಬಂಧಕಾಜ್ಞೆ ಕೊಡಕೂಡದು ಎಂದಿತು. ರೈತನಿಗೆ ಹಕ್ಕಿದೆಯೋ ಇಲ್ಲವೋ ಎಂಬ ಪ್ರಶ್ನೆಗಿಂತ ಮೊದಲೇ ಇಲಾಖೆಯ ಕೆಲಸ ನಿಲ್ಲಬಾರದು ಎಂಬ ಲೆಕ್ಕ ಬರುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು, ಈಗಲೂ ಕಾಡುತ್ತಿರುವುದು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ 80ನೇ ಕಲಂ. ಸರ್ಕಾರದ ಮೇಲೆ, ಅಥವಾ ಹುದ್ದೆಯ ಕೆಲಸಕ್ಕಾಗಿ ಅಧಿಕಾರಿಯ ಮೇಲೆ ದಾವೆ ಹೂಡುವ ಮುನ್ನ ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಯೋಚನೆ ಕೆಟ್ಟದ್ದಲ್ಲ. ತಪ್ಪಿದ್ದರೆ ಸರಿಪಡಿಸಿಕೊಳ್ಳಲು ಸರ್ಕಾರಕ್ಕೊಂದು ಅವಕಾಶ ಸಿಗಲಿ, ಸುಮ್ನೆ ಕೋರ್ಟು ಖರ್ಚು ಯಾಕೆ ಅಂತ. ಆದರೆ ನಾಳೆ ಮನೆ ಕೆಡವುತ್ತಾರೆ ಎಂದಾಗ ಎರಡು ತಿಂಗಳು ಕಾದು ಮಾಡುವುದೇನು?

ಬಾಂಬೆ ಹೈಕೋರ್ಟಿಗೆ ಈ ಪ್ರಶ್ನೆ ಅರ್ಥವಾಗಿತ್ತು. ಬರಲಿರುವ ಹಾನಿಯನ್ನು ತಡೆಯುವ ನಿರ್ಬಂಧಕಾಜ್ಞೆ ದಾವೆಗೆ ನೋಟಿಸ್ ಬೇಕಿಲ್ಲ ಎಂಬ ನಿಲುವು ಅಲ್ಲಿತ್ತು. ಬೇರೆ ಹೈಕೋರ್ಟುಗಳು ಒಪ್ಪಿರಲಿಲ್ಲ. 1927ರಲ್ಲಿ ಬಾಂಬೆ ಪ್ರಾಂತ್ಯದ್ದೇ ಒಂದು ಪ್ರಕರಣ, ಭಾಗಚಂದ್ ದಗಡೂಸಾ ಅವರದ್ದು, ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿತು. ಮಾಲೆಗಾಂವದ ಗಲಭೆಯ ನಂತರ ಸರ್ಕಾರ ಊರಿನವರಿಂದ ಹಣ ವಸೂಲಿಗೆ ಹೊರಟಿತ್ತು. ಎರಡು ತಿಂಗಳು ಕಾಯದೆ ಅದನ್ನು ತಡೆಯಲು ದಾವೆ ಹೂಡಿದ್ದರು. 80ನೇ ಕಲಂಗೆ ವಿನಾಯಿತಿಯೇ ಇಲ್ಲ, ನಿರ್ಬಂಧಕಾಜ್ಞೆಗೂ ನೋಟಿಸ್ ಬೇಕೇ ಬೇಕು ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಅಲ್ಲಿಂದ 50 ವರ್ಷ ಇದೇ ಕಾನೂನು. ತುರ್ತಾಗಿ ಬೇಕಾದವರಿಗೆ ಸಿವಿಲ್ ಕೋರ್ಟಿನಿಂದ ಸರ್ಕಾರದ ವಿರುದ್ಧ ತುರ್ತು ತಡೆ ಹೆಚ್ಚುಕಡಿಮೆ ಸಿಗದಂತಾಯಿತು. ಸ್ವಾತಂತ್ರ್ಯ ಬಂದ ಮೇಲೂ ಕಲಂ ಹಾಗೇ ಉಳಿಯಿತು. ಅದನ್ನು ಕೈಬಿಡಿ ಎಂದು ಲಾ ಕಮಿಷನ್ 1958ರಲ್ಲೇ ಹೇಳಿದ್ದರೂ ಆಗಲಿಲ್ಲ.

1950ರಲ್ಲಿ ಸಂವಿಧಾನದ 226ನೇ ವಿಧಿ ಬಂತು. ಮೊದಲ ಸಲ ರಿಟ್ ಧಾರವಾಡದವರೆಗೆ ಬಂತು. ಅದಕ್ಕೆ 80ನೇ ಕಲಂನ ನೋಟಿಸಿನ ಹಂಗಿಲ್ಲ, ಅದೇ ದಿನ ತಡೆ ಸಿಗಬಹುದು. ಆದರೆ 1956ರ ನಂತರ ಹೈಕೋರ್ಟು ಅಂದರೆ ಬೆಂಗಳೂರು, ಧಾರವಾಡದಿಂದಲೇ 400 ಕಿಲೋಮೀಟರಿಗೂ ಜಾಸ್ತಿ. ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅಲ್ಲಿಯವರೆಗೆ ನಾಲ್ಕೆಕರೆಯ ರೈತನಿಗೆ ರಿಟ್ ಎನ್ನುವುದು ಪುಸ್ತಕದಲ್ಲಿದ್ದ ಹಕ್ಕು ಅಷ್ಟೇ. ಅವನು ತಾಲ್ಲೂಕು ಕೋರ್ಟಿನ ಮೆಟ್ಟಿಲನ್ನೇ ಹತ್ತುತ್ತಿದ್ದ. ಆ ಕಾರಣಕ್ಕೇ ಮುಂದಿನ ಎರಡು ಬದಲಾವಣೆಗಳು ಈ ಭಾಗಕ್ಕೆ ದೊಡ್ಡವು.

ಮೊದಲನೆಯದು 1963ರ ಹೊಸ ನಿರ್ದಿಷ್ಟ ಪರಿಹಾರ ಕಾಯ್ದೆ. ‘ಸರ್ಕಾರದ ಕರ್ತವ್ಯಕ್ಕೆ ಅಡ್ಡಿ ಬೇಡ’ ಎಂಬ ಹಳೇ ಮಾತು ಅದರಲ್ಲಿಲ್ಲ. ಎರಡನೆಯದು 1977ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಿಪಿಸಿ ತಿದ್ದುಪಡಿ. ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು ಎಂದಿತು. ಜೊತೆಗೆ ಎರಡು ಷರತ್ತು. ಸರ್ಕಾರಿ ವಕೀಲರಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ತಾತ್ಕಾಲಿಕ ತಡೆಯನ್ನೂ ಕೊಡುವಂತಿಲ್ಲ. ವಿಚಾರಣೆ ಆದ ಮೇಲೆ ತುರ್ತೇ ಇಲ್ಲ ಅನ್ನಿಸಿದರೆ ಕೋರ್ಟು ವಾದಪತ್ರ ವಾಪಸ್ ಕೊಡಬೇಕು, ನೋಟಿಸ್ ಕೊಟ್ಟು ಎರಡು ತಿಂಗಳು ಕಾದು ಮತ್ತೆ ಬನ್ನಿ ಅಂತ.

ಇದೆಲ್ಲ ನೆಲದ ಮೇಲೆ ಹೇಗೆ ನಡೆಯುತ್ತದೆ ಅಂತ ನೋಡಲು ರೋಣ ತಾಲ್ಲೂಕಿನ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. 4 ಎಕರೆ 12 ಗುಂಟೆ ಎರೆ ಹೊಲ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವನದೇ ಹೆಸರು. ಪಕ್ಕದ ಬಂಡಿದಾರಿಯನ್ನು ರಸ್ತೆ ಮಾಡಲು ಇಲಾಖೆ ಕಲ್ಲು ನೆಡುತ್ತದೆ, 10 ಗುಂಟೆ ಹೊಲದೊಳಗೆ ಬರುತ್ತದೆ. ಭೂಸ್ವಾಧೀನ ಆಗಿಲ್ಲ. ಕೇಳಿದರೆ ‘ಇದು ಮೊದಲಿಂದ ಸರ್ಕಾರಿ ದಾರಿ’ ಎನ್ನುತ್ತಾರೆ. ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯ ದಾರಿ ಇರುವುದೂ ನಿಜ. ಅದರ ಅಗಲ ಎಷ್ಟು ಅನ್ನುವುದೇ ಜಗಳ.

ಧಾರವಾಡ ಪೀಠ ಹತ್ತಿರವಿದೆ ಅಂತ ರಿಟ್ ಹಾಕಿದರೆ ಕೆಲಸ ಸಿಕ್ಕಿಕೊಳ್ಳುವುದು ಇಲ್ಲೇ. ಅಫಿಡವಿಟ್ ಮೇಲೆ ನಡೆಯುವ ರಿಟ್ಟಿನಲ್ಲಿ ದಾರಿಯ ಅಗಲ ಅಳೆದು, ಸಾಕ್ಷಿಗಳನ್ನು ಪಾಟಿ ಸವಾಲು ಮಾಡುವುದು ಸಾಮಾನ್ಯವಾಗಿ ಆಗುವುದಿಲ್ಲ. ಇಲಾಖೆಯೇ ‘ಹೌದು, ಜಮೀನು ಅವನದು, ಸ್ವಾಧೀನ ಮಾಡಿಲ್ಲ’ ಎಂದು ಒಪ್ಪಿದ್ದರೆ ಕತೆ ಬೇರೆ. ಹಿಮಾಚಲದಲ್ಲಿ 1967-68ರಲ್ಲಿ ರಸ್ತೆಗೆ ಸುಮ್ಮನೆ ತೆಗೆದುಕೊಂಡಿದ್ದ ಜಮೀನಿಗೆ ಪರಿಹಾರ ಕೊಡಿ ಎಂದು ವಿದ್ಯಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ್ದು ರಿಟ್ ಹಾದಿಯಲ್ಲೇ.

ನಮ್ಮ ರೈತನ ಇಲಾಖೆ ಒಪ್ಪುತ್ತಿಲ್ಲ. ಹಾಗಾಗಿ ದಾವೆ. ಪುರುಸೊತ್ತು ಇದ್ದರೆ ನೋಟಿಸನ್ನು ಗದಗಿನ ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಬೇಕು, ಎಂಜಿನಿಯರಿಗೂ ಬೇರೆ. ಹೆಸರು, ವಿಳಾಸ, ತಕರಾರಿಗೆ ಕಾರಣ, ಕೇಳುವ ಪರಿಹಾರ ನಾಲ್ಕೂ ಅದರಲ್ಲಿರಬೇಕು. ಜೂನ್ 10ಕ್ಕೆ ಮುಟ್ಟಿದರೆ ಆಗಸ್ಟ್ 10 ಕಳೆದ ಮೇಲೆ ದಾವೆ. ಆ ಎರಡು ತಿಂಗಳು ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಉತ್ತರ ಬರುತ್ತದಾ? ಬಹುಪಾಲು ನೋಟಿಸುಗಳಿಗೆ ಸರ್ಕಾರಗಳು ಉತ್ತರವನ್ನೇ ಕೊಡುವುದಿಲ್ಲ, ಕೊಟ್ಟರೂ ಹಾರಿಕೆಯದ್ದು ಎಂದು ಸುಪ್ರೀಂ ಕೋರ್ಟೇ 2005ರಲ್ಲಿ ಬೇಸರಪಟ್ಟಿತ್ತು. ಉತ್ತರಿಸದ ನೋಟಿಸಿಗಾಗಿ ಕಾಯುವುದು ಮಾತ್ರ ರೈತನ ಪಾಲಿಗೆ ಕಡ್ಡಾಯ.

ಜೆಸಿಬಿ ಆಗಲೇ ಬಂದಿದ್ದರೆ ದಾವೆಯ ಜೊತೆಗೆ, ನೋಟಿಸ್ ಇಲ್ಲದೆ ಹೂಡಲು ಅನುಮತಿ ಕೇಳುವ 80(2)ರ ಅರ್ಜಿ ಹೋಗುತ್ತದೆ. ಇಲ್ಲಿ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಸರ್ಕಾರವನ್ನೇ ಬಿಟ್ಟು ಬರೀ ಗುತ್ತಿಗೆದಾರನ ಮೇಲೆ ದಾವೆ. ನೋಟಿಸ್ ತಾಪತ್ರಯ ತಪ್ಪಿತು, ಸ್ಟೇ ಕೂಡ ಸಿಗಬಹುದು. ಆದರೆ ಜಮೀನು ತನ್ನದು ಎನ್ನುತ್ತಿರುವುದು ಸರ್ಕಾರ. ಅದು ಇಲ್ಲದ ದಾವೆಯ ಡಿಕ್ರಿ ಅದನ್ನು ಕಟ್ಟಿಹಾಕುವುದಿಲ್ಲ, ಗುತ್ತಿಗೆದಾರ ಬದಲಾದರೆ ಕೈಗೆ ಉಳಿಯುವುದು ಕಾಗದ.

ಕೇಳುವುದರಲ್ಲೂ ತಪ್ಪುತ್ತಾರೆ. ಜಮೀನೇ ಸರ್ಕಾರದ್ದು ಎಂಬ ಗಂಭೀರ ತಕರಾರು ಎದುರಿಗಿರುವಾಗ ಬರೀ ನಿರ್ಬಂಧಕಾಜ್ಞೆ ಕೇಳಿದರೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಸುಪ್ರೀಂ ಕೋರ್ಟಿನ 2008ರ ಅನಾಥುಲ ಸುಧಾಕರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಉಲ್ಟಾನೂ ಅಷ್ಟೇ. ಜಮೀನು ಆಗಲೇ ಕೈತಪ್ಪಿದ್ದರೆ ಬರೀ ಘೋಷಣೆ ಕೇಳಿದವನಿಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಅದನ್ನೂ ಕೊಡುವುದಿಲ್ಲ. ಕಬ್ಜೆ ವಾಪಸ್ಸನ್ನೂ ಕೇಳಿರಬೇಕು. ಉತಾರ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಅದರಲ್ಲಿನ ನಮೂದು ಬೇರೆ ಪುರಾವೆ ಬರುವವರೆಗೆ ಮಾತ್ರ ನಿಜ. ಖರೀದಿ ಪತ್ರ, ಮೋಜಣಿ ನಕಾಶೆ, ಹದ್ದುಬಸ್ತಿನ ಕಾಗದ ಬೇಕು.

ಇನ್ನು ತಹಶೀಲ್ದಾರರು ಆಗಲೇ ಆದೇಶ ಮಾಡಿಬಿಟ್ಟಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 63ನೇ ಕಲಂ ಎದ್ದು ನಿಲ್ಲುತ್ತದೆ. ಕಾನೂನು ಕೊಟ್ಟ ಮೇಲ್ಮನವಿಗಳನ್ನು ಹಾಕಿದ್ದೇನೆ ಎಂದು ವಾದಿ ಮೊದಲು ತೋರಿಸಬೇಕು. 1876ರ ಬಾಂಬೆ ಕಾಯ್ದೆಯ ಮಾತೇ ಇದು. ರಾಜ್ಯ ಬದಲಾಯಿತು, ಕಾಯ್ದೆ ಬದಲಾಯಿತು, ಅದು ಮಾತ್ರ ಉಳಿದುಕೊಂಡಿತು. ಪಹಣಿಯ ನಮೂದು ಸರಿಪಡಿಸಿ ಅಂತ ಸರ್ಕಾರದ ಮೇಲೆ ದಾವೆ ಹೂಡಲು 1964ರ ಕಾಯ್ದೆಯದ್ದೇ 135ನೇ ಕಲಂ ಬಿಡುವುದಿಲ್ಲ. ಹಕ್ಕು ನಿರಾಕರಿಸುವವನ ಮೇಲೆ ಘೋಷಣೆಯ ಡಿಕ್ರಿ ತಂದರೆ ನಮೂದು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಭೂಸ್ವಾಧೀನ 2013ರ ಕಾಯ್ದೆಯಡಿ ನಡೆದಿದ್ದರೆ ತಾಲ್ಲೂಕು ಕೋರ್ಟಿನ ಮಾತೇ ಬೇಡ. ಅದಕ್ಕೆ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟೇ ಗತಿ.

ಇನ್ನು 2018ಕ್ಕೆ ಬರೋಣ. ಆ ವರ್ಷ ಅಕ್ಟೋಬರ್ 1ರಿಂದ ನಿರ್ದಿಷ್ಟ ಪರಿಹಾರ ಕಾಯ್ದೆಗೆ ಎರಡು ತುಂಡು ಸೇರಿದವು. 20ಎ ಕಲಂ, ಮೂಲಸೌಕರ್ಯ ಯೋಜನೆಯ ಒಪ್ಪಂದದ ದಾವೆಗಳಲ್ಲಿ ಕೆಲಸ ತಡವಾಗುವಂಥ ನಿರ್ಬಂಧಕಾಜ್ಞೆ ಬೇಡ ಎನ್ನುತ್ತದೆ. ಗುತ್ತಿಗೆದಾರರ ಜಗಳದಲ್ಲಿ ಸೇತುವೆಗಳು ಅರ್ಧಕ್ಕೆ ನಿಲ್ಲುವುದನ್ನು ಕಂಡವರಿಗೆ ಇದರ ಅಗತ್ಯ ಗೊತ್ತು. ಆದರೆ 41ನೇ ಕಲಂಗೆ ಸೇರಿದ ‘ಎಚ್‌ಎ’ ಉಪಕಲಂನಲ್ಲಿ ‘ಒಪ್ಪಂದ’ ಎಂಬ ಪದವೇ ಇಲ್ಲ. ಮೂಲಸೌಕರ್ಯ ಯೋಜನೆಗೆ ಅಡ್ಡಿಯೋ ತಡವೋ ಆಗುವುದಾದರೆ ನಿರ್ಬಂಧಕಾಜ್ಞೆ ಇಲ್ಲ, ಅಷ್ಟೇ. ಪಟ್ಟಿಯಲ್ಲಿ ರಸ್ತೆ, ಸೇತುವೆ, ಕಾಲುವೆ, ಕುಡಿಯುವ ನೀರಿನ ಪೈಪು, ಚರಂಡಿ ನೀರಿನ ಶುದ್ಧೀಕರಣ ಎಲ್ಲ ಇವೆ. ಅಕ್ಷರ ಹಿಡಿದು ಓದಿದರೆ, ಒಪ್ಪಂದಕ್ಕೂ ತನಗೂ ಸಂಬಂಧವಿಲ್ಲದ ರೋಣದ ರೈತನೂ ಇದರೊಳಗೆ ಬೀಳುತ್ತಾನೆ. 1963ರಲ್ಲಿ ಕಿತ್ತ ಬೇಲಿಯನ್ನು ಬೇರೆ ಹೆಸರಿನಲ್ಲಿ ಮತ್ತೆ ನೆಟ್ಟ ಹಾಗೆ, ಅಲ್ವಾ?

ಯೋಜನೆ ಯಾವುದು, ಅದು ಪಟ್ಟಿಯಲ್ಲಿದೆಯಾ, ನಿಜಕ್ಕೂ ತಡವಾಗುತ್ತದಾ ಎಂದು ತೋರಿಸಿ ಎಂದು ವಾದಿಯ ವಕೀಲರು ಇಲಾಖೆಯನ್ನು ಕೇಳಬಹುದು. 10 ಗುಂಟೆಯ ಅಳತೆ ಮುಗಿಯುವವರೆಗೆ ಬೇರೆ ಕಡೆ ಕೆಲಸ ನಡೆಸಿ ಎನ್ನಬಹುದು. ಘೋಷಣೆ ಕೇಳುವುದಕ್ಕೆ ಈ ತಿದ್ದುಪಡಿಯಿಂದ ತಡೆ ಇಲ್ಲ. ಅದಕ್ಕೇ ಈಗ ದಾವೆಯಲ್ಲಿ ಘೋಷಣೆಯ ತೂಕ ಹೆಚ್ಚಿದೆ. ಸ್ಟೇ ಸಿಗದೆ ಡಾಂಬರು ಬಿದ್ದರೂ ಜಮೀನು ಅವನದು ಎಂದು ಕೋರ್ಟು ಹೇಳಿದರೆ ದುಡ್ಡು ಕೇಳಲು ಆಧಾರ ಇರುತ್ತದೆ.

ಅದಕ್ಕೂ ನಿರ್ದಿಷ್ಟ ಪರಿಹಾರ ಕಾಯ್ದೆಯ 40ನೇ ಕಲಂನಲ್ಲೊಂದು ಗಂಟು ಇದೆ. ನಷ್ಟ ಪರಿಹಾರವನ್ನು ವಾದಪತ್ರದಲ್ಲೇ ಕೇಳಿರಬೇಕು. ಮರೆತಿದ್ದರೆ ದಾವೆ ನಡೆಯುತ್ತಿರುವ ಯಾವ ಹಂತದಲ್ಲಾದರೂ ತಿದ್ದುಪಡಿ ಮಾಡಿ ಸೇರಿಸಬಹುದು. ಸೇರಿಸದೆ ನಿರ್ಬಂಧಕಾಜ್ಞೆಯ ದಾವೆ ವಜಾ ಆಯಿತೋ, ಅದೇ ಕಾರಣಕ್ಕೆ ಪರಿಹಾರ ಕೇಳಿ ಮತ್ತೊಂದು ದಾವೆ ಹೂಡಲು ಬರುವುದಿಲ್ಲ.